ಪೂರ್ವಭಾವನೆ ಮತ್ತು ರುಜುವಾತಿನ ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಕ್ಷಿದಾರರು, ಕಿರಿಯ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟುಕೊಂಡು ಉತ್ತರಿಸಿದ್ದೇನೆ. ಹೆಚ್ಚಿನವು ಚೆಕ್ ಬೌನ್ಸ್ ಪ್ರಕರಣಗಳಿಗೆ ಮತ್ತು ಮಗುವಿನ ಔರಸತ್ವದ, ಅಂದರೆ ಅದು ಆ ಗಂಡನಿಗೇ ಹುಟ್ಟಿದ್ದೇ ಎಂಬ, ವಿವಾದಗಳಿಗೆ ಸಂಬಂಧಿಸಿವೆ. ಅಲ್ಲಗಳೆಯಬಹುದಾದ ಪೂರ್ವಭಾವನೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲನೆಯದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಅಲ್ಲಗಳೆಯಲಾಗದ್ದು ಹೇಗೆ ಎಂಬುದು ಎರಡನೆಯದರಲ್ಲಿ. 2024ರ ಜುಲೈ 1ರಿಂದ 1872ರ ಹಳೆಯ ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿರುವುದರಿಂದ ಹೊಸ ಕಲಂ ಸಂಖ್ಯೆಗಳನ್ನು ಕೊಟ್ಟು, ಅಗತ್ಯವಿದ್ದಲ್ಲಿ ಹಳೆಯದನ್ನೂ ಹೇಳಿದ್ದೇನೆ.

## ಮೂಲ ಪ್ರಶ್ನೆಗಳು

ಸಾಕ್ಷಿ ಇಲ್ಲದೆ ಕೋರ್ಟು ಏನನ್ನೂ ನಂಬುವುದಿಲ್ಲ ಅಂತಾರೆ. ಹಾಗಿದ್ದರೆ ಈ ಪೂರ್ವಭಾವನೆ ಅನ್ನೋದು ಏನು?

ಒಂದು ಸಂಗತಿ ರುಜುವಾತಾದರೆ ಅದರ ಬೆನ್ನಿಗೇ ಇನ್ನೊಂದು ಸಂಗತಿಯೂ ಇದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳಲು ಕಾನೂನು ಕೊಡುವ ಅಪ್ಪಣೆಯೇ ಪೂರ್ವಭಾವನೆ. ಕೋರ್ಟಿನ ಆವರಣದಲ್ಲಿ ಎಲ್ಲರೂ ಇದನ್ನು ಪ್ರಿಸಂಪ್ಷನ್ ಎಂದೇ ಕರೆಯುತ್ತಾರೆ. ಇದರಲ್ಲಿ ಯಾವಾಗಲೂ ಎರಡು ಸಂಗತಿಗಳಿರುತ್ತವೆ. ಮೊದಲನೆಯದು ಬುನಾದಿ ಸಂಗತಿ, ಅದನ್ನು ಸಾಕ್ಷ್ಯದಿಂದಲೇ ತೋರಿಸಬೇಕು. ಎರಡನೆಯದು ಅದರ ಮೇಲೆ ಕಾನೂನು ಕಟ್ಟಿಕೊಡುವ ಸಂಗತಿ, ಅದಕ್ಕೆ ಪ್ರತ್ಯೇಕ ಸಾಕ್ಷ್ಯ ಬೇಕಿಲ್ಲ. ಚೆಕ್ಕಿನ ಮೇಲಿನ ಸಹಿ ಆರೋಪಿಯದೇ ಎಂಬುದು ಬುನಾದಿ ಸಂಗತಿಯಾದರೆ, ಆ ಚೆಕ್ಕನ್ನು ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬುದು ಕಾನೂನು ಕಟ್ಟಿಕೊಡುವ ಸಂಗತಿ. ಆದ್ದರಿಂದ ಪೂರ್ವಭಾವನೆ ತಾನೇ ಒಂದು ಸಾಕ್ಷ್ಯವಲ್ಲ. ಯಾರು ಮೊದಲು ಮಾತಾಡಬೇಕು, ಯಾರು ಸುಮ್ಮನಿದ್ದರೆ ಸೋಲುತ್ತಾರೆ ಎಂಬುದನ್ನು ತೀರ್ಮಾನಿಸುವ ನಿಯಮ ಅದು. ಬುನಾದಿ ಸಂಗತಿಯೇ ರುಜುವಾತಾಗದಿದ್ದರೆ ಪೂರ್ವಭಾವನೆ ಹುಟ್ಟುವುದೇ ಇಲ್ಲ. ಕಿರಿಯ ವಕೀಲರು ಬಹಳ ಸಲ ಮರೆಯುವುದು ಇದನ್ನೇ.

ಕೆಲವನ್ನು ಅಲ್ಲಗಳೆಯಬಹುದು, ಕೆಲವನ್ನು ಆಗಲ್ಲ ಅಂತೀರಿ. ಕಾಯ್ದೆಯಲ್ಲಿ ಅದು ಎಲ್ಲಿದೆ?

ಹೊಸ ಅಧಿನಿಯಮದ ಕಲಂ 2ರ ವ್ಯಾಖ್ಯೆಗಳಲ್ಲಿದೆ. ಹಳೆಯ ಕಾಯ್ದೆಯಲ್ಲಿ ಅದು ಕಲಂ 4 ಆಗಿತ್ತು. ಅಲ್ಲಿ ಮೂರು ಮೆಟ್ಟಿಲುಗಳಿವೆ. ‘ಭಾವಿಸಬಹುದು’ ಎಂದಿದ್ದರೆ ನ್ಯಾಯಾಧೀಶರಿಗೆ ಆಯ್ಕೆ ಇದೆ. ಅವರು ಹಾಗೆ ಭಾವಿಸಬಹುದು, ಇಲ್ಲವೇ ರುಜುವಾತನ್ನು ಕೇಳಬಹುದು. ಕಳವಾದ ಸ್ವಲ್ಪ ಹೊತ್ತಿನಲ್ಲೇ ಆ ಮಾಲು ಒಬ್ಬನ ಕೈಯಲ್ಲಿ ಸಿಕ್ಕಿ, ಅವನು ಸಮಾಧಾನಕರ ವಿವರಣೆ ಕೊಡದಿದ್ದರೆ ಅವನೇ ಕಳ್ಳ ಅಥವಾ ಕಳವಿನದೆಂದು ತಿಳಿದೇ ತೆಗೆದುಕೊಂಡವನು ಎಂದು ಭಾವಿಸುವುದು ಈ ಬಗೆಯದು, ಅದು ಕಲಂ 119ರಲ್ಲಿದೆ. ‘ಭಾವಿಸತಕ್ಕದ್ದು’ ಎಂದಿದ್ದರೆ ಆಯ್ಕೆ ಇಲ್ಲ. ಎದುರು ಪಕ್ಷ ಅಲ್ಲಗಳೆಯುವವರೆಗೆ ನ್ಯಾಯಾಲಯ ಅದನ್ನು ರುಜುವಾತಾದದ್ದೆಂದೇ ಪರಿಗಣಿಸಬೇಕು. ಚೆಕ್ಕಿನ ಪೂರ್ವಭಾವನೆ ಈ ಜಾತಿಯದು. ಮೂರನೆಯದು ‘ನಿರ್ಣಾಯಕ ರುಜುವಾತು’. ಇಲ್ಲಿ ಬುನಾದಿ ಸಂಗತಿ ರುಜುವಾತಾದ ಮೇಲೆ ಎರಡನೆಯ ಸಂಗತಿಯನ್ನು ಅಲ್ಲಗಳೆಯಲು ಸಾಕ್ಷ್ಯ ಕೊಡುವುದಕ್ಕೇ ನ್ಯಾಯಾಲಯ ಅವಕಾಶ ಕೊಡಬಾರದು. ಮೊದಲೆರಡರಲ್ಲಿ ಬಾಗಿಲು ಮುಂದಕ್ಕೆ ಹಾಕಿದೆಯಷ್ಟೇ, ತಳ್ಳಿದರೆ ತೆರೆಯುತ್ತದೆ; ಮೂರನೆಯದರಲ್ಲಿ ಬೀಗ ಹಾಕಿದೆ.

ಹೊಣೆ ಆ ಕಡೆಗೆ ಹೋಯ್ತು ಅಂದರೆ ಇಡೀ ಕೇಸನ್ನೇ ಆರೋಪಿ ಸಾಬೀತು ಮಾಡಬೇಕಾ?

ಇಲ್ಲ. ‘ಹೊಣೆ’ ಎಂಬ ಒಂದೇ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ, ಗೊಂದಲ ಹುಟ್ಟುವುದು ಅಲ್ಲಿಂದ. ತನ್ನ ಪ್ರಕರಣವನ್ನು ಒಟ್ಟಾರೆಯಾಗಿ ರುಜುವಾತುಪಡಿಸುವ ಹೊಣೆ ಕಲಂ 104ರ ಪ್ರಕಾರ ಅದನ್ನು ಹೇಳಿಕೊಂಡು ಬಂದವರ ಮೇಲಿರುತ್ತದೆ, ಮತ್ತು ಅದು ಮೊದಲಿನಿಂದ ಕೊನೆಯವರೆಗೂ ಅಲ್ಲೇ ಇರುತ್ತದೆ. ವಿಚಾರಣೆಯ ಆಯಾ ಹಂತದಲ್ಲಿ ಸಾಕ್ಷ್ಯವನ್ನು ಮುಂದಿಡುವ ಹೊಣೆ ಮಾತ್ರ ಚೆಂಡಿನಂತೆ ಆ ಕಡೆ ಈ ಕಡೆ ಹೋಗುತ್ತಿರುತ್ತದೆ. ಪೂರ್ವಭಾವನೆಯು ಒಂದು ನಿರ್ದಿಷ್ಟ ಸಂಗತಿಯ ಮಟ್ಟಿಗೆ ಮೊದಲ ಹೊಡೆತವನ್ನು ದೂರುದಾರನ ಪರವಾಗಿ ಹೊಡೆದುಕೊಡುತ್ತದೆ. ಆರೋಪಿ ತಕ್ಕ ಸಂಶಯ ಎಬ್ಬಿಸಿದರೆ ಚೆಂಡು ಮರಳಿ ದೂರುದಾರನ ಅಂಗಳಕ್ಕೆ ಬೀಳುತ್ತದೆ. ಆಮೇಲೆ ಅವನು ಪೂರ್ವಭಾವನೆಯ ಆಸರೆಯಿಲ್ಲದೆ, ನೇರ ಸಾಕ್ಷ್ಯದಿಂದಲೇ ಸಾಲವನ್ನು ತೋರಿಸಬೇಕು.

## ಚೆಕ್ಕಿನ ಪ್ರಕರಣದೊಳಗೆ

ಚೆಕ್ ನನ್ನದೇ, ಸಹಿಯೂ ನನ್ನದೇ. ಆದರೆ ಸಾಲವನ್ನೇ ತಗೊಂಡಿಲ್ಲ. ಸಹಿ ಒಪ್ಪಿಕೊಂಡ ಮಾತ್ರಕ್ಕೆ ನಾನು ಸಿಕ್ಕಿಹಾಕಿಕೊಂಡೆನಾ?

ಸಹಿ ಒಪ್ಪಿದ ಕ್ಷಣದಲ್ಲಿ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಎರಡು ಪೂರ್ವಭಾವನೆಗಳು ಒಟ್ಟಿಗೇ ಜೀವ ತಾಳುತ್ತವೆ. ಚೆಕ್ಕಿಗೆ ಪ್ರತಿಫಲವಿತ್ತು, ಅಂದರೆ ಅದಕ್ಕೆ ಬದಲಾಗಿ ಏನೋ ಮೌಲ್ಯ ಸಂದಿತ್ತು ಎಂಬುದು ಕಲಂ 118ರಿಂದ, ಸಾಲ ಅಥವಾ ಬಾಧ್ಯತೆಯನ್ನು ತೀರಿಸಲೆಂದು ಅದು ದೂರುದಾರನ ಕೈ ಸೇರಿತು ಎಂಬುದು ಕಲಂ 139ರಿಂದ. ಕಾನೂನುಬದ್ಧವಾಗಿ ವಸೂಲು ಮಾಡಬಹುದಾದ ಸಾಲ ಇತ್ತು ಎಂಬುದೂ ಕಲಂ 139ರೊಳಗೆ ಬರುತ್ತದೆಯೇ ಎಂಬ ಬಗ್ಗೆ 2008ರ ಒಂದು ತೀರ್ಪು ಇಲ್ಲ ಎಂದಿತ್ತು. 2010ರ ಮೇ 7ರಂದು ‘ರಂಗಪ್ಪ ವಿರುದ್ಧ ಮೋಹನ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತಿದ್ದಿ, ಬರುತ್ತದೆ ಎಂದು ಹೇಳಿತು.

ಆ ಪ್ರಕರಣ ನಮ್ಮ ರಾಜ್ಯದ್ದೇ. ಮೊತ್ತ ₹45,000, ಮನೆ ಕಟ್ಟಿಸಲು ಕೊಟ್ಟ ಕೈಗಡ ಎಂಬುದು ದೂರು. ಚೆಕ್ ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಆದರೆ ಹಣ ಕೇಳಿ ಬಂದ ಶಾಸನಬದ್ಧ ನೋಟಿಸಿಗೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ, ಅದು ಅವರಿಗೆ ಭಾರವಾಯಿತು. ಆದ್ದರಿಂದ ನಿಮಗೆ ನನ್ನ ಮೊದಲ ಪ್ರಶ್ನೆ, ನೋಟಿಸು ಕೈಗೆ ಬಂದ ಮೇಲೆ ಏನು ಮಾಡಿದಿರಿ ಎಂಬುದು. ಸಾಲ ಪಡೆಯದವರು ಆ ಮಾತನ್ನು ಹೇಳಬೇಕಾದ ಮೊದಲ ಜಾಗ ಆ ಉತ್ತರ. ವರ್ಷ ಕಳೆದ ಮೇಲೆ ಪಾಟೀಸವಾಲಿನಲ್ಲಿ ಮೊದಲ ಬಾರಿಗೆ ಹೊಳೆದ ವಿವರಣೆಗೆ ಅಷ್ಟು ತೂಕ ಸಿಗುವುದಿಲ್ಲ. ಆದರೂ ನೀವು ಸಿಕ್ಕಿಹಾಕಿಕೊಂಡಿಲ್ಲ. ಈ ಪೂರ್ವಭಾವನೆಯನ್ನು ಅಲ್ಲಗಳೆಯಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಸಂಭವನೀಯತೆಯ ತಕ್ಕಡಿ ನಿಮ್ಮ ಕಡೆಗೆ ವಾಲಿದರೆ ಸಾಕು, ಸಂಶಯಾತೀತವಾಗಿ ತೋರಿಸಬೇಕಿಲ್ಲ.

ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೆ, ಮೊತ್ತ ಬರೆದಿದ್ದು ಅವರು. ಅಕ್ಷರ ನನ್ನದಲ್ಲ ಅಂತ ತೋರಿಸಿದರೆ ಸಾಕಾ?

ಸಾಕಾಗುವುದಿಲ್ಲ. ಸಹಿ ಮಾಡಿದ ಖಾಲಿ ಚೆಕ್ಕನ್ನು ಸ್ವಇಚ್ಛೆಯಿಂದ, ಯಾವುದೋ ಪಾವತಿಗಾಗಿ ಕೊಟ್ಟಿದ್ದರೆ ವಿವರಗಳನ್ನು ಬೇರೆಯವರು ತುಂಬಿದ ಮಾತ್ರಕ್ಕೆ ಪೂರ್ವಭಾವನೆ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಶಾಯಿ ಬೇರೆ, ಕೈಬರಹ ಬೇರೆ ಎಂದು ತಜ್ಞರ ವರದಿ ತರಿಸಲು ತಿಂಗಳುಗಟ್ಟಲೆ ಕಾಯುವ ಬದಲು, ಆ ಚೆಕ್ ಏಕೆ ಕೊಟ್ಟಿರಿ ಮತ್ತು ಆ ಉದ್ದೇಶ ಮುಗಿದದ್ದು ಯಾವಾಗ ಎಂಬುದಕ್ಕೆ ಕಾಗದ ಹುಡುಕಿ. ಚೀಟಿಗೆ ಭದ್ರತೆಯಾಗಿ ಕೊಟ್ಟದ್ದಾದರೆ ಚೀಟಿಯ ಪಾಸ್‌ಪುಸ್ತಕ, ಹಳೆಯ ಸಾಲಕ್ಕಾದರೆ ಅದು ತೀರಿದ ಬ್ಯಾಂಕ್ ನಮೂದು, ಇಂಥವೇ ತಕ್ಕಡಿಯನ್ನು ವಾಲಿಸುತ್ತವೆ.

ಆರೋಪಿ ಕಟಕಟೆಗೇ ಹತ್ತದೆ ಪೂರ್ವಭಾವನೆಯನ್ನು ಮುರಿಯಬಹುದು ಅಂತಾರಲ್ಲ, ಅದು ಹೇಗೆ? ಒಂದು ಉದಾಹರಣೆ ಕೊಟ್ಟು ಹೇಳಿ.

ದೂರುದಾರ ತಂದ ದಾಖಲೆಗಳಿಂದ ಮತ್ತು ಅವನದೇ ಪಾಟೀಸವಾಲಿನ ಉತ್ತರಗಳಿಂದ ಸಾಧ್ಯ. ಒಂದು ಕಲ್ಪಿತ ಪ್ರಕರಣ ನೋಡೋಣ. ನಿವೃತ್ತ ನೌಕರರೊಬ್ಬರು ಪರಿಚಯದ ಅಂಗಡಿಯವರಿಗೆ ₹5 ಲಕ್ಷ ನಗದಾಗಿ ಕೈಗಡ ಕೊಟ್ಟೆ ಎನ್ನುತ್ತಾರೆ. ಚೆಕ್ಕು, ಬ್ಯಾಂಕಿನ ಹಿಂಬರಹ, ನೋಟಿಸು, ಅಂಚೆಯ ಸ್ವೀಕೃತಿ ಎಲ್ಲವೂ ನಿಶಾನೆಗಳಾಗಿ, ಅಂದರೆ ಕೋರ್ಟು ಗುರುತು ಹಾಕಿದ ದಾಖಲೆಗಳಾಗಿ ಕಡತ ಸೇರಿವೆ, ಸಹಿಯೂ ಒಪ್ಪಿತವಾಗಿದೆ. ಈ ಹಂತದಲ್ಲಿ ಆರೋಪಿಯ ವಕೀಲರು ಸುಮ್ಮನಿದ್ದರೆ ಶಿಕ್ಷೆ ಖಚಿತ. ಅವರು ಕೇಳುತ್ತಾರೆ, ಸಾಕ್ಷಿಯ ಹೇಳಿಕೆ ನಮ್ಮ ಕೋರ್ಟುಗಳ ರೂಢಿಯಂತೆ ಹೀಗೆ ದಾಖಲಾಗುತ್ತದೆ:

‘ನನಗೆ ತಿಂಗಳಿಗೆ ₹18,000 ಪಿಂಚಣಿ ಬರುತ್ತದೆ ಎಂದರೆ ಸರಿ. ಬೇರೆ ವರಮಾನ ಇಲ್ಲ ಎಂದರೆ ಸರಿ. ಹಣ ಕೊಡುವ ಎರಡು ತಿಂಗಳ ಮೊದಲು ಮಗಳ ಮದುವೆಗೆ ಸೊಸೈಟಿಯಲ್ಲಿ ₹2 ಲಕ್ಷ ಸಾಲ ಮಾಡಿದ್ದೆ ಎಂದರೆ ಸರಿ. ₹5 ಲಕ್ಷವನ್ನು ಯಾವ ದಿನ ಕೊಟ್ಟೆ ಎಂದು ನೆನಪಿಲ್ಲ. ಹಣ ಮನೆಯಲ್ಲಿತ್ತು. ನಾನು ಹಣ ಕೊಟ್ಟೇ ಇಲ್ಲ ಎಂದರೆ ಸರಿಯಲ್ಲ.’

ಕೊನೆಯ ವಾಕ್ಯದಲ್ಲಿ ಸಾಕ್ಷಿ ತನ್ನ ನಿಲುವಿಗೆ ಅಂಟಿಕೊಂಡಿದ್ದಾರೆ. ಆದರೆ ಅದರ ಹಿಂದಿನ ಐದು ವಾಕ್ಯಗಳು ಕೆಲಸ ಮಾಡಿ ಮುಗಿಸಿವೆ. ಮನೆಯಲ್ಲಿ ₹5 ಲಕ್ಷ ನಗದು ಇಟ್ಟುಕೊಂಡವರು ಬಡ್ಡಿಗೆ ₹2 ಲಕ್ಷ ಸಾಲ ಮಾಡುವುದು ಸಹಜವಲ್ಲ ಎಂದು ನ್ಯಾಯಾಧೀಶರಿಗೆ ಅನಿಸಿದರೆ ತಕ್ಕಡಿ ವಾಲಿತು, ಚೆಂಡು ದೂರುದಾರರ ಅಂಗಳಕ್ಕೆ ಬಿತ್ತು. ಆಗ ಅವರು ಹಣದ ಮೂಲ ತೋರಿಸಲೇಬೇಕು. ನಿವೃತ್ತಿ ಹಣ ತೆಗೆದ ಪಾಸ್‌ಪುಸ್ತಕವನ್ನೋ ನಿವೇಶನ ಮಾರಿದ ಪತ್ರವನ್ನೋ ತಂದರೆ ಅವರು ಮತ್ತೆ ಚೇತರಿಸಿಕೊಳ್ಳಬಹುದು. ತರದಿದ್ದರೆ ಖುಲಾಸೆ.

ಇದಕ್ಕೆ ಹತ್ತಿರದ ನಿಜವಾದ ಪ್ರಕರಣ ಕರ್ನಾಟಕದಿಂದಲೇ ಹೋದ ‘ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ’, ತೀರ್ಪಿನ ದಿನಾಂಕ 2019ರ ಏಪ್ರಿಲ್ 9. ಅಲ್ಲಿ ಹೇಳಿಕೊಂಡ ಸಾಲ ₹6 ಲಕ್ಷ. ದೂರುದಾರರು 1997ರಲ್ಲಿ ನಿವೃತ್ತರಾದವರು. 2010ರಲ್ಲಿ ಒಂದು ಕ್ರಯದ ಕರಾರಿಗೆ ₹4.5 ಲಕ್ಷ ಕೊಟ್ಟಿದ್ದರು. ಹಣ ಕೊಡುವ ಶಕ್ತಿಯ ಬಗ್ಗೆ ಪಾಟೀಸವಾಲಿನಲ್ಲಿ ಎದ್ದ ಪ್ರಶ್ನೆಗೆ ಸಮಾಧಾನಕರ ಉತ್ತರ ಬರಲಿಲ್ಲ. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತ್ತು, ಹೈಕೋರ್ಟ್ ಶಿಕ್ಷಿಸಿತ್ತು. ಆರೋಪಿ ಪೂರ್ವಭಾವನೆಯನ್ನು ಅಲ್ಲಗಳೆದಿದ್ದಾರೆ, ಶಕ್ತಿ ಇತ್ತೆಂದು ತೋರಿಸುವ ಹೊಣೆ ದೂರುದಾರರ ಮೇಲಿತ್ತು ಎಂದು ಹೇಳಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯಿತು. ಎರಡು ನ್ಯಾಯಾಲಯಗಳು ಒಂದೇ ಕಾಗದಗಳನ್ನು ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದು ಚೆಂಡು ಯಾರ ಅಂಗಳದಲ್ಲಿತ್ತು ಎಂಬ ಒಂದೇ ಪ್ರಶ್ನೆಯ ಮೇಲೆ.

ನಾನು ದೂರುದಾರ. ನಗದಾಗಿ ಕೊಟ್ಟದ್ದು, ಆದಾಯ ತೆರಿಗೆ ರಿಟರ್ನಿನಲ್ಲೂ ತೋರಿಸಿಲ್ಲ. ಕೇಸು ಬಿದ್ದುಹೋಯ್ತಾ?

ಅಷ್ಟರಿಂದಲೇ ಬೀಳುವುದಿಲ್ಲ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದೆಂಬ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 269ಎಸ್‌ಎಸ್ ಉಲ್ಲಂಘನೆಯಾದರೆ ಅದಕ್ಕೆ ದಂಡದ ದಾರಿ ಬೇರೆಯೇ ಇದೆ, ಆ ಕಾರಣಕ್ಕೆ ಸಾಲ ಕಾನೂನುಬಾಹಿರವಾಗಿ ಪೂರ್ವಭಾವನೆ ತಪ್ಪಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆದರೆ ನಿಮ್ಮ ಶಕ್ತಿಯನ್ನು ಆರೋಪಿ ಪ್ರಶ್ನಿಸಿದಾಗ ರಿಟರ್ನಿನಲ್ಲಿ ಇಲ್ಲದಿರುವುದು ನಿಮ್ಮ ವಿರುದ್ಧದ ಒಂದು ಎಳೆಯಾಗಿ ಬಂದೇ ಬರುತ್ತದೆ. ಹಾಗಾಗಿ ದೂರು ಹಾಕುವ ಮೊದಲೇ ಹಣದ ಮೂಲದ ಕಾಗದವನ್ನು ಜೊತೆಗಿಟ್ಟುಕೊಳ್ಳಿ. ಪೂರ್ವಭಾವನೆ ಇದೆಯೆಂದು ಧೈರ್ಯವಾಗಿ ಖಾಲಿ ಕೈಯಲ್ಲಿ ಬಂದ ದೂರುದಾರರು ಪಾಟೀಸವಾಲಿನ ಮೊದಲ ಹತ್ತು ನಿಮಿಷದಲ್ಲಿ ಸೋತದ್ದನ್ನು ನಾನು ಕಂಡಿದ್ದೇನೆ.

## ಬೀಗ ಹಾಕಿದ ಬಾಗಿಲು

ಅಲ್ಲಗಳೆಯಲು ಸ್ವಲ್ಪವೂ ಆಸ್ಪದವಿಲ್ಲದ ಪೂರ್ವಭಾವನೆ ನಿಜಕ್ಕೂ ಯಾವುದಾದರೂ ಇದೆಯಾ?

ಇದೆ. ಏಳು ವರ್ಷಕ್ಕಿಂತ ಚಿಕ್ಕ ಮಗು ಮಾಡಿದ ಯಾವುದೂ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 20 ಹೇಳುತ್ತದೆ. ಆ ಮಗು ಎಷ್ಟೇ ಚುರುಕಾಗಿದ್ದರೂ, ತಾನು ಮಾಡಿದ್ದು ತಪ್ಪೆಂದು ಅದಕ್ಕೆ ಗೊತ್ತಿತ್ತು ಎಂದು ಸಾಕ್ಷಿ ಕರೆಸಲು ಬರುವುದಿಲ್ಲ. ವಯಸ್ಸು ರುಜುವಾತಾದರೆ ಅಲ್ಲಿಗೆ ಮುಗಿಯಿತು. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ಕಲಂ 21 ಅನ್ವಯಿಸುತ್ತದೆ, ಅಲ್ಲಿ ಮಗುವಿನ ತಿಳಿವಳಿಕೆ ಎಷ್ಟು ಬಲಿತಿತ್ತು ಎಂಬುದು ಸಾಕ್ಷ್ಯದ ವಿಷಯವಾಗುತ್ತದೆ. ಏಳರ ಕೆಳಗಿನದು ಸಾಕ್ಷ್ಯದ ನಿಯಮವೇ ಅಲ್ಲ, ಪೂರ್ವಭಾವನೆಯ ಬಟ್ಟೆ ತೊಟ್ಟ ಮೂಲ ಕಾನೂನು ಎಂದು ಹೇಳುವವರೂ ಇದ್ದಾರೆ. ನನಗೂ ಹಾಗೇ ತೋರುತ್ತದೆ. ರುಜುವಾತಿಗೆ ಅವಕಾಶವೇ ಇಲ್ಲದ ಕಡೆ ಹೊಣೆ ಯಾರ ಮೇಲೆ ಎಂಬ ಪ್ರಶ್ನೆಗೆ ಅರ್ಥ ಉಳಿಯುವುದಿಲ್ಲ.

ವಿಚ್ಛೇದನ ಆದ ಮೇಲೆ ಹುಟ್ಟಿದ ಮಗುವಿಗೂ ಹಿಂದಿನ ಗಂಡನೇ ತಂದೆ ಅಂತ ಕಾನೂನು ಹೇಳುತ್ತದಾ?

280 ದಿನಗಳೊಳಗೆ ಹುಟ್ಟಿದ್ದರೆ, ತಾಯಿ ಮರುಮದುವೆಯಾಗದೆ ಇದ್ದರೆ, ಹೌದು. ಸಾಕ್ಷ್ಯ ಅಧಿನಿಯಮದ ಕಲಂ 116, ಹಿಂದಿನ ಕಲಂ 112, ಇದನ್ನು ಆ ಮಗುವಿನ ಔರಸತ್ವಕ್ಕೆ ನಿರ್ಣಾಯಕ ರುಜುವಾತು ಎನ್ನುತ್ತದೆ. ದಾಂಪತ್ಯ ಇರುವಾಗ ಹುಟ್ಟಿದ ಮಗುವಿಗೂ ಇದೇ ನಿಯಮ. ವಿಚ್ಛೇದನದ ಡಿಕ್ರಿ 2023ರ ಜನವರಿ 10ರಂದು ಆಯಿತು ಎಂದಿಟ್ಟುಕೊಳ್ಳಿ. 280ನೇ ದಿನ ಅಕ್ಟೋಬರ್ 17ಕ್ಕೆ ಬೀಳುತ್ತದೆ. ಸೆಪ್ಟೆಂಬರ್ 30ಕ್ಕೆ ಹುಟ್ಟಿದ ಮಗು 263ನೇ ದಿನದ್ದು, ಅದಕ್ಕೆ ಪೂರ್ವಭಾವನೆಯ ರಕ್ಷಣೆ ಇದೆ. ಅಕ್ಟೋಬರ್ 25ಕ್ಕೆ ಹುಟ್ಟಿದರೆ 288 ದಿನ. ಆಗ ಈ ಕಲಮಿನ ಆಸರೆ ಸಿಗುವುದಿಲ್ಲ, ಬೇರೆ ಸಾಕ್ಷ್ಯದಿಂದ ತೋರಿಸಿಕೊಳ್ಳಬೇಕು.

ಈ ಬೀಗಕ್ಕೆ ಒಂದೇ ಒಂದು ಕೀಲಿ ಇದೆ. ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡ ಹೆಂಡತಿಗೆ ಪರಸ್ಪರ ಸಂಪರ್ಕದ ಅವಕಾಶವೇ ಇರಲಿಲ್ಲ ಎಂದು ತೋರಿಸುವುದು. ಇಲ್ಲಿ ಅವಕಾಶ ಇತ್ತೇ ಎಂಬುದಷ್ಟೇ ಪ್ರಶ್ನೆ, ಸಂಪರ್ಕ ನಡೆಯಿತೇ ಎಂಬುದಲ್ಲ. ಮೇಲಿನ ಉದಾಹರಣೆಯಲ್ಲಿ ಗಂಡ ಹಿಂದಿನ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಮಸ್ಕತ್ತಿನಲ್ಲೇ ಇದ್ದು, ಆ ನಡುವೆ ಊರಿಗೆ ಬಂದಿಲ್ಲ ಎಂದು ಪಾಸ್‌ಪೋರ್ಟಿನ ಮುದ್ರೆಗಳು ತೋರಿಸಿದರೆ ಕೀಲಿ ತಿರುಗುತ್ತದೆ. ಆದರೆ ಕೋರ್ಟಿನ ದಿನಾಂಕಕ್ಕೆಂದು ಡಿಸೆಂಬರ್ ಕೊನೆಯಲ್ಲಿ ಬಂದು ಹೆಂಡತಿ ಇದ್ದ ಊರಿನಲ್ಲೇ ನಾಲ್ಕು ದಿನ ಉಳಿದಿದ್ದರೆ ಅವನ ಹೊಣೆ ಬಹಳ ಕಷ್ಟದ್ದಾಗುತ್ತದೆ. ‘ನಾವು ಮಾತಾಡುತ್ತಿರಲಿಲ್ಲ’ ಎಂಬ ಬರಿಯ ಮಾತಿನಿಂದ ಆ ನಾಲ್ಕು ದಿನಗಳನ್ನು ಅಳಿಸಲಾಗದು. ಈ ಹೊಣೆ ಚೆಕ್ ಪ್ರಕರಣದ ಆರೋಪಿಯ ಹೊಣೆಗಿಂತ ಭಾರವಾದದ್ದು, ಸಂಭವನೀಯತೆ ಒಂದಿಷ್ಟು ವಾಲಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ.

ಡಿಎನ್‌ಎ ಪರೀಕ್ಷೆ ಬಂದ ಮೇಲೂ 1872ರ ಈ ನಿಯಮಕ್ಕೆ ಯಾಕೆ ಅಂಟಿಕೊಳ್ಳಬೇಕು?

ಈ ಪ್ರಶ್ನೆ ಸುಪ್ರೀಂ ಕೋರ್ಟನ್ನೂ ಕಾಡಿದೆ. ದಂಪತಿಗೆ ಸಂಪರ್ಕದ ಅವಕಾಶವಿತ್ತೆಂದಾದರೆ ಡಿಎನ್‌ಎ ಫಲಿತಾಂಶವೂ ನಿರ್ಣಾಯಕ ರುಜುವಾತನ್ನು ಮೀರಲಾರದು ಎಂಬುದು 2001ರ ನಿಲುವು. 2014ರ ಪ್ರಕರಣದಲ್ಲಿ ಪರೀಕ್ಷೆ ಆಗಲೇ ನಡೆದು ಫಲಿತಾಂಶ ಕಡತದಲ್ಲಿತ್ತು. ಕಣ್ಣೆದುರಿನ ವೈಜ್ಞಾನಿಕ ಸತ್ಯಕ್ಕೂ ಪೂರ್ವಭಾವನೆಗೂ ತಿಕ್ಕಾಟವಾದರೆ ಸತ್ಯವೇ ಗೆಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ಅದನ್ನೇ ಹಿಡಿದುಕೊಂಡು, ಕೇಳಿದವರಿಗೆಲ್ಲ ಪರೀಕ್ಷೆಯ ಆದೇಶ ಸಿಗುತ್ತದೆ ಎಂದು ಭಾವಿಸುವುದು ತಪ್ಪು. ಪರೀಕ್ಷೆ ಮಾಡಿಸಬೇಕೇ ಎಂಬುದು ಬೇರೆ ಪ್ರಶ್ನೆ, ಮಾಡಿಸಿದ ಫಲಿತಾಂಶವನ್ನು ಏನು ಮಾಡಬೇಕು ಎಂಬುದು ಬೇರೆ. ಮೊದಲನೆಯದರ ಬಗ್ಗೆ 2023 ಮತ್ತು 2025ರ ತೀರ್ಪುಗಳು ಬಿಗಿಯಾಗಿವೆ: ಸಂಪರ್ಕದ ಅವಕಾಶ ಇರಲಿಲ್ಲ ಎಂಬುದಕ್ಕೆ ಮೊದಲು ಬಲವಾದ ಆಧಾರ ತೋರಿಸಬೇಕು, ಅದಿಲ್ಲದೆ ಮಗುವನ್ನು ಪ್ರಯೋಗಾಲಯಕ್ಕೆ ಎಳೆಯಬಾರದು.

ನನ್ನ ಅಭಿಪ್ರಾಯದಲ್ಲಿ ಈ ಬಿಗಿ ಸರಿಯಾದದ್ದು. ಮೊಕದ್ದಮೆ ಇರುವುದು ಗಂಡ ಹೆಂಡತಿಯರ ನಡುವೆ. ಪರೀಕ್ಷೆಯ ವರದಿ ಹೊತ್ತು ಬಾಳಬೇಕಾದ ಮಗು ಆ ಮೊಕದ್ದಮೆಯ ಕಕ್ಷಿಯೂ ಅಲ್ಲ, ಅದಕ್ಕೆ ಅಲ್ಲಿ ವಕೀಲರೂ ಇರುವುದಿಲ್ಲ. ಕಲಂ 116 ಆ ಮಗುವಿನ ಪರವಾಗಿ ಕಾನೂನೇ ಹಾಕಿದ ವಕಾಲತ್ತು.

## ಆಳದ ಪ್ರಶ್ನೆಗಳು

ಏಳು ವರ್ಷ ಕಾಣದವರು ಸತ್ತಿದ್ದಾರೆ ಅಂತ ಕೋರ್ಟು ಒಪ್ಪುತ್ತದಲ್ಲ. ಹಾಗಾದರೆ ಕಾಣೆಯಾದ ದಿನವೇ ಸತ್ತರು ಅಂತ ವಿಮೆ ಕೇಳಬಹುದಾ?

ಕೇಳಲು ಬರುವುದಿಲ್ಲ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು ಎಂಬಷ್ಟನ್ನು ಮಾತ್ರ ಸಾಕ್ಷ್ಯ ಅಧಿನಿಯಮದ ಕಲಂ 111 ಹೇಳುತ್ತದೆ. ಸಾವಿನ ಸಂಗತಿಯ ಮಟ್ಟಿಗೆ ಹೊಣೆ ಆ ಕಡೆ ಹೋಗುತ್ತದೆ. ಸಾವಿನ ದಿನಾಂಕದ ಹೊಣೆ ಅದನ್ನು ಹೇಳುವವರ ಮೇಲೇ ಉಳಿಯುತ್ತದೆ. 2004ರ ಒಂದು ವಿಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಾಣೆಯಾದ ಮೇಲೆ ಮನೆಯವರು ಕಂತು ಕಟ್ಟುವುದನ್ನು ನಿಲ್ಲಿಸಿದರೆ ಪಾಲಿಸಿ ರದ್ದಾಗುತ್ತದೆ. ಏಳು ವರ್ಷದ ನಂತರ ಹೋದಾಗ ಪೂರ್ವಭಾವನೆ ಸಾವನ್ನು ಕೊಡುತ್ತದೆಯೇ ಹೊರತು, ಪಾಲಿಸಿ ಜೀವಂತವಾಗಿದ್ದಾಗಲೇ ಸಾವು ಆಯಿತೆಂಬುದನ್ನು ಕೊಡುವುದಿಲ್ಲ. ಒಬ್ಬರು ಕಾಣೆಯಾದ ದುಃಖದಲ್ಲಿ ಮನೆಯವರಿದ್ದರೂ, ಪೊಲೀಸರಿಗೆ ದೂರು ಕೊಡುವುದರ ಜೊತೆಗೆ ಸಾಧ್ಯವಾದರೆ ಕಂತು ಕಟ್ಟುತ್ತಾ ಹೋಗಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಚೆಕ್ಕಿನಲ್ಲಿ ತಕ್ಕಡಿ ವಾಲಿದರೆ ಸಾಕು ಅಂದಿರಿ. ಲಂಚದ ಕೇಸು, ಪೊಕ್ಸೊ ಕೇಸುಗಳಲ್ಲೂ ಅಳತೆ ಅದೇನಾ?

ಬುನಾದಿ ಮೊದಲು ಎಂಬ ನಿಯಮ ಎಲ್ಲ ಕಡೆಗೂ ಒಂದೇ. ಲಂಚದ ಪ್ರಕರಣದಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಯ ಕಲಂ 20ರ ಪೂರ್ವಭಾವನೆ ಹುಟ್ಟಬೇಕಾದರೆ ಅಧಿಕಾರಿ ಹಣ ಕೇಳಿದ್ದು ಮತ್ತು ತೆಗೆದುಕೊಂಡದ್ದು ಎರಡೂ ರುಜುವಾತಾಗಬೇಕು. ನೋಟಿಗೆ ಹಚ್ಚಿದ ಪುಡಿಯಿಂದ ಬಣ್ಣ ತಿರುಗಿದ ಕೈತೊಳೆದ ನೀರಿನ ಬಾಟಲಿ ಮತ್ತು ಮೇಜಿನ ಮೇಲೆ ಸಿಕ್ಕ ನೋಟುಗಳು ಇವಿಷ್ಟೇ ಇದ್ದು, ಕೇಳಿದ್ದಕ್ಕೆ ಆಧಾರವಿಲ್ಲದಿದ್ದರೆ ಬುನಾದಿ ಇಲ್ಲ. ದೂರುದಾರ ತೀರಿಕೊಂಡರೂ ಪ್ರತಿಕೂಲ ಸಾಕ್ಷಿಯಾದರೂ ಬೇಡಿಕೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದ ತೋರಿಸಬಹುದು ಎಂದು 2022ರ ಡಿಸೆಂಬರಿನಲ್ಲಿ ಸಂವಿಧಾನ ಪೀಠ ಹೇಳಿದೆ, ಆದರೆ ತೋರಿಸುವ ಅಗತ್ಯವನ್ನು ಅದು ಕೈಬಿಟ್ಟಿಲ್ಲ.

ಅಲ್ಲಗಳೆಯುವ ಅಳತೆ ಮಾತ್ರ ಕಾಯ್ದೆಯಿಂದ ಕಾಯ್ದೆಗೆ ಬದಲಾಗಬಹುದು, ಹೀಗಾಗಿ ಕಲಮಿನ ಪದಗಳನ್ನೇ ಓದಬೇಕು. ಆರೋಪಿ ಆ ಅಪರಾಧ ಮಾಡಿದ್ದಾನೆಂದೇ ಭಾವಿಸಬೇಕೆನ್ನುವ ಪೊಕ್ಸೊ ಕಾಯ್ದೆಯ ಕಲಂ 29 ‘ವಿರುದ್ಧವಾದದ್ದು ರುಜುವಾತಾಗದ ಹೊರತು’ ಎಂದಷ್ಟೇ ಹೇಳುತ್ತದೆ. ಅದರ ಮುಂದಿನ ಕಲಂ 30, ಆರೋಪಿಯ ಮನಸ್ಸಿನಲ್ಲಿದ್ದ ಉದ್ದೇಶದ ಬಗ್ಗೆ, ಅಂಥ ಉದ್ದೇಶ ತನಗಿರಲಿಲ್ಲ ಎಂಬುದನ್ನು ಅವನು ಸಂಶಯಾತೀತವಾಗಿ ತೋರಿಸಬೇಕು, ಸಂಭವನೀಯತೆ ವಾಲಿದರೆ ಸಾಲದು ಎಂದು ಬಿಡಿಸಿ ಹೇಳುತ್ತದೆ. ಪ್ರಾಸಿಕ್ಯೂಷನ್ ಹೊರುವ ಭಾರವನ್ನೇ ಇಲ್ಲಿ ಆರೋಪಿಯ ಹೆಗಲಿಗಿಟ್ಟಿರುವುದರಿಂದ, ಬುನಾದಿ ಸಂಗತಿಗಳನ್ನು ನ್ಯಾಯಾಲಯ ಅಷ್ಟೇ ಬಿಗಿಯಾಗಿ ಪರೀಕ್ಷಿಸಬೇಕಾಗುತ್ತದೆ. ಮಗುವಿನ ವಯಸ್ಸಿಗೆ ಶಾಲೆಯ ಅಥವಾ ಜನನದ ದಾಖಲೆ ಇದೆಯೇ, ಘಟನೆಯ ಬಗ್ಗೆ ಮಗುವಿನ ಮಾತು ಒಟ್ಟಾರೆ ನಂಬುವಂತಿದೆಯೇ ಎಂಬೆರಡನ್ನು ಪಕ್ಕಾ ಮಾಡಿಕೊಳ್ಳದೆ ನೇರವಾಗಿ ಕಲಂ 29ಕ್ಕೆ ಹಾರಿದ ತೀರ್ಪು ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಹಾಗೆ ಬಿದ್ದಾಗ ಅದರ ನಷ್ಟ ನಿಜವಾಗಿ ನೊಂದ ಮಗುವಿಗೇ ಆಗುತ್ತದೆ.